ಅಂಶಕ್ಕೆ ಅಂಶ, ಛೇದಕ್ಕೆ ಛೇದ: ಮಧ್ಯಭಿನ್ನವೂ ಹತ್ತೊಂಬತ್ತು ವರ್ಷಗಳ ಏಳು ಅಧಿಕ ಮಾಸಗಳೂ

ಭಿನ್ನರಾಶಿಗಳನ್ನು ಕೂಡಲು ಹೊಸದಾಗಿ ಕಲಿಯುವ ಮಕ್ಕಳಲ್ಲಿ ಅನೇಕರು 1/2 ಮತ್ತು 1/3ನ್ನು ಕೂಡಿ 2/5 ಎಂದು ಬರೆಯುತ್ತಾರೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದರಾಯಿತು ಎಂಬುದು ಅವರ ಎಣಿಕೆ. ಈ ಉತ್ತರ ತಪ್ಪೆಂದು ತೋರಿಸುವುದು ಸುಲಭ: 2/5 ಎಂಬುದು 1/2ಕ್ಕಿಂತಲೂ ಕಡಿಮೆ, ಅರ್ಧಕ್ಕೆ ಇನ್ನಷ್ಟನ್ನು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಉಳಿಯುವುದು ಸಾಧ್ಯವಿಲ್ಲ. ಆದರೆ ಆ ತಪ್ಪು ಉತ್ತರ ಎಲ್ಲಿ ಬಂದು ನಿಂತಿದೆ ಎಂಬುದನ್ನು ನೋಡಿ. 1/3ಕ್ಕಿಂತ ಹೆಚ್ಚು, 1/2ಕ್ಕಿಂತ ಕಡಿಮೆ. ಅಂದರೆ ಎರಡರ ನಡುವೆ. ಬೇರೆ ಯಾವ ಜೋಡಿಯನ್ನು ತೆಗೆದುಕೊಂಡರೂ ಹೀಗೆಯೇ ಆಗುತ್ತದೆ. a/b ಮತ್ತು c/d ಎಂಬ ಎರಡು ಭಿನ್ನರಾಶಿಗಳಿಂದ ಹೀಗೆ ಪಡೆದ (a+c)/(b+d) ಎಂಬುದನ್ನು ಗಣಿತದಲ್ಲಿ ಮೀಡಿಯಂಟ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಮಧ್ಯಭಿನ್ನ ಎಂದು ಕರೆಯೋಣ. ಮೊತ್ತವಾಗಿ ಅದು ತಪ್ಪು. ಆದರೆ ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ.

ಆ ಪ್ರಶ್ನೆ ಯಾವುದೆಂಬುದನ್ನು ಸ್ಕೂಟರಿನ ಮೈಲೇಜಿನ ಲೆಕ್ಕದಿಂದ ತಿಳಿಯಬಹುದು. ಒಂದು ಸ್ಕೂಟರು ಊರೊಳಗೆ 2 ಲೀಟರ್ ಪೆಟ್ರೋಲಿನಲ್ಲಿ 90 ಕಿಲೋಮೀಟರ್ ಓಡಿತು, ಹೆದ್ದಾರಿಯಲ್ಲಿ 3 ಲೀಟರಿನಲ್ಲಿ 150 ಕಿಲೋಮೀಟರ್ ಓಡಿತು ಎಂದುಕೊಳ್ಳೋಣ. ಮೊದಲನೆಯ ಮೈಲೇಜು 90/2, ಅಂದರೆ 45. ಎರಡನೆಯದು 150/3, ಅಂದರೆ 50. ಒಟ್ಟಾರೆ ಮೈಲೇಜು ಎಷ್ಟೆಂದು ಕೇಳಿದರೆ ಯಾರೂ ಛೇದಗಳನ್ನು ಸಮ ಮಾಡಲು ಹೋಗುವುದಿಲ್ಲ. ಒಟ್ಟು ದೂರವನ್ನು ಒಟ್ಟು ಪೆಟ್ರೋಲಿನಿಂದ ಭಾಗಿಸುತ್ತಾರೆ. 240/5, ಅಂದರೆ 48. ಇದು 45 ಮತ್ತು 50ರ ನಡುವೆ ಇರಲೇಬೇಕು, ಏಕೆಂದರೆ ಪ್ರತಿಯೊಂದು ಲೀಟರೂ ಕನಿಷ್ಠ 45, ಹೆಚ್ಚೆಂದರೆ 50 ಕಿಲೋಮೀಟರನ್ನು ಕೊಟ್ಟಿದೆ. ಆದರೆ ಇದು 47.5 ಅಲ್ಲ ಎಂಬುದನ್ನೂ ಗಮನಿಸಬೇಕು. ಹೆದ್ದಾರಿಯಲ್ಲಿ ಹೆಚ್ಚು ಲೀಟರು ಖರ್ಚಾದುದರಿಂದ ಫಲ 50ರ ಕಡೆಗೆ ವಾಲಿದೆ. ಮಧ್ಯಭಿನ್ನವು ಎರಡು ಭಿನ್ನರಾಶಿಗಳ ನಟ್ಟನಡುವಿನ ಬಿಂದುವಲ್ಲ. ಛೇದಗಳನ್ನೇ ತೂಕವಾಗಿ ಇಟ್ಟುಕೊಂಡು ತೆಗೆದ ಸರಾಸರಿ.

ಸಂಕೇತಗಳಲ್ಲಿ ಸಾಧಿಸುವುದಕ್ಕೂ ಎರಡೇ ಸಾಲು ಸಾಕು. b ಮತ್ತು d ಧನ ಸಂಖ್ಯೆಗಳಾಗಿದ್ದು a/b < c/d ಆಗಿದ್ದರೆ, ಓರೆಯಾಗಿ ಗುಣಿಸಿದಾಗ ad < bc ಆಗುತ್ತದೆ. ಅಂದರೆ bc − ad ಎಂಬ ಸಂಖ್ಯೆ ಸೊನ್ನೆಗಿಂತ ಹೆಚ್ಚು. ಈಗ ಮಧ್ಯಭಿನ್ನವನ್ನು ಎರಡೂ ಬದಿಯವುಗಳೊಂದಿಗೆ ಓರೆ ಗುಣಾಕಾರದಿಂದಲೇ ಹೋಲಿಸೋಣ:

b(a+c) − a(b+d) = bc − ad
c(b+d) − d(a+c) = bc − ad

ಎರಡೂ ಕಡೆ ಉಳಿದದ್ದು ಅದೇ ಧನ ಸಂಖ್ಯೆ. ಆದ್ದರಿಂದ ಮಧ್ಯಭಿನ್ನವು a/bಗಿಂತ ಹೆಚ್ಚು, c/dಗಿಂತ ಕಡಿಮೆ. ಈ ಸಾಲುಗಳಲ್ಲಿ ಸಾಧನೆಗಿಂತಲೂ ಬೆಲೆಯುಳ್ಳ ಇನ್ನೊಂದು ಸಂಗತಿ ಅಡಗಿದೆ. bc − ad ಎಂಬ ಓರೆ ವ್ಯತ್ಯಾಸ ಮೂಲ ಜೋಡಿಯಲ್ಲಿ ಎಷ್ಟಿತ್ತೋ, ಮಧ್ಯಭಿನ್ನವನ್ನು ನಡುವೆ ಇಟ್ಟಾಗ ಉಂಟಾಗುವ ಎರಡು ಹೊಸ ಜೋಡಿಗಳಲ್ಲೂ ಅಷ್ಟೇ ಉಳಿಯುತ್ತದೆ. ಅಧಿಕ ಮಾಸದ ಲೆಕ್ಕಕ್ಕೆ ಬಂದಾಗ ಇದೇ ನಮ್ಮ ಆಧಾರವಾಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಮಧ್ಯಭಿನ್ನವು ಭಿನ್ನರಾಶಿಯ ಬೆಲೆಯನ್ನಷ್ಟೇ ಅಲ್ಲ, ಅದನ್ನು ಬರೆದಿರುವ ರೂಪವನ್ನೂ ಅವಲಂಬಿಸಿದೆ. 1/2 ಮತ್ತು 2/3ರ ಮಧ್ಯಭಿನ್ನ 3/5. ಅದೇ 1/2ನ್ನು 2/4 ಎಂದು ಬರೆದುಕೊಂಡರೆ ಮಧ್ಯಭಿನ್ನ 4/7 ಆಗುತ್ತದೆ. ಎರಡೂ ನಡುವೆಯೇ ಇವೆ, ಆದರೆ ಒಂದೇ ಅಲ್ಲ. ತೂಕ ಬದಲಾದಾಗ ಸರಾಸರಿ ಬದಲಾಗುವುದು ಸಹಜ. ಈ ತೂಕದ ಬದಲಾವಣೆಯೇ ಕೆಲವೊಮ್ಮೆ ಕಣ್ಣಿಗೆ ಮಣ್ಣೆರಚುತ್ತದೆ. ಒಬ್ಬ ವಿದ್ಯಾರ್ಥಿ ಮೊದಲ ದಿನ 5 ಪ್ರಶ್ನೆಗಳಲ್ಲಿ 1ಕ್ಕೂ ಎರಡನೆಯ ದಿನ 8ರಲ್ಲಿ 6ಕ್ಕೂ ಸರಿಯುತ್ತರ ಕೊಟ್ಟನು. ಅವನ ಗೆಳೆಯ ಮೊದಲ ದಿನ 8ರಲ್ಲಿ 2ಕ್ಕೂ ಎರಡನೆಯ ದಿನ 5ರಲ್ಲಿ 4ಕ್ಕೂ ಸರಿಯುತ್ತರ ಕೊಟ್ಟನು. ಎರಡು ದಿನವೂ ಗೆಳೆಯನದೇ ಮೇಲುಗೈ, ಏಕೆಂದರೆ 1/5 < 2/8 ಮತ್ತು 6/8 < 4/5. ಆದರೂ ಒಟ್ಟು ಲೆಕ್ಕದಲ್ಲಿ ಮೊದಲನೆಯವನದು 7/13, ಗೆಳೆಯನದು 6/13. ಒಂದು ಜೋಡಿಯ ಮಧ್ಯಭಿನ್ನವು ಆ ಜೋಡಿಯ ನಡುವೆ ಇರುತ್ತದೆ ಎಂಬುದಷ್ಟೇ ನಮ್ಮ ನಿಯಮ. ಒಂದು ಜೋಡಿಯ ಮಧ್ಯಭಿನ್ನವನ್ನು ಇನ್ನೊಂದು ಜೋಡಿಯದರೊಂದಿಗೆ ಹೋಲಿಸುವ ಅಧಿಕಾರವನ್ನು ಅದು ಕೊಡುವುದಿಲ್ಲ.

ಹೋಲಿಕೆಗೆ ಈ ನಿಯಮವನ್ನು ಬಳಸುವ ದಾರಿ ಬೇರೆ. ಅಲ್ಲಿ ಕೂಡುವುದಕ್ಕಿಂತ ಕಳೆಯುವುದೇ ಮುಖ್ಯ. 17/23 ಮತ್ತು 20/27 ಇವುಗಳಲ್ಲಿ ಯಾವುದು ದೊಡ್ಡದು ಎಂದು ನೋಡಿದ ಕೂಡಲೇ ಹೇಳುವುದು ಕಷ್ಟ, ಏಕೆಂದರೆ ಎರಡೂ 0.74ರ ಆಸುಪಾಸಿನಲ್ಲಿವೆ. ಎರಡನೆಯದರ ಅಂಶದಿಂದ ಮೊದಲನೆಯದರ ಅಂಶವನ್ನೂ ಛೇದದಿಂದ ಛೇದವನ್ನೂ ಕಳೆದರೆ 3/4 ಸಿಗುತ್ತದೆ. ಅಂದರೆ 20/27 ಎಂಬುದು 17/23 ಮತ್ತು 3/4ರ ಮಧ್ಯಭಿನ್ನ. ಆದ್ದರಿಂದ ಅದು ಇವೆರಡರ ನಡುವೆ ಇದೆ, ಮತ್ತು 3/4 ದೊಡ್ಡದಾಗಿದ್ದರೆ 20/27 ಕೂಡ 17/23ಕ್ಕಿಂತ ದೊಡ್ಡದಾಗಿರಲೇಬೇಕು. 17ರ ನಾಲ್ಕರಷ್ಟು 68, 23ರ ಮೂರರಷ್ಟು 69. ಆದ್ದರಿಂದ 3/4 ದೊಡ್ಡದು, 20/27 ದೊಡ್ಡದು. ನೇರವಾಗಿ ಓರೆ ಗುಣಿಸಿದ್ದರೆ 459 ಮತ್ತು 460ನ್ನು ಹೋಲಿಸಬೇಕಾಗುತ್ತಿತ್ತು. ವ್ಯತ್ಯಾಸ ಅಲ್ಲಿಯೂ ಒಂದೇ, ಇಲ್ಲಿಯೂ ಒಂದೇ. ಮೇಲೆ ಕಂಡ ಸಮೀಕರಣ ಹೇಳುವುದೂ ಅದನ್ನೇ. ಕಡಿಮೆಯಾದದ್ದು ಗುಣಿಸಬೇಕಾದ ಸಂಖ್ಯೆಗಳ ಗಾತ್ರ ಮಾತ್ರ.

ಈ ಉಪಾಯವನ್ನು ಬಳಸುವಾಗ ಯಾವುದರ ಅಂಶ ಮತ್ತು ಛೇದ ಎರಡೂ ದೊಡ್ಡದಾಗಿವೆಯೋ ಅದರಿಂದಲೇ ಕಳೆಯಬೇಕು. ಒಂದರ ಅಂಶ ದೊಡ್ಡದು, ಛೇದ ಚಿಕ್ಕದು ಎಂದಾದರೆ ಕಳೆಯುವ ಅಗತ್ಯವೇ ಇಲ್ಲ. ಅದೇ ದೊಡ್ಡದೆಂಬುದು ನೋಡಿದರೇ ತಿಳಿಯುತ್ತದೆ. ಇದನ್ನು ಮರೆತು ಯಾಂತ್ರಿಕವಾಗಿ ಕಳೆದರೆ ಛೇದ ಋಣ ಸಂಖ್ಯೆಯಾಗುತ್ತದೆ. ಆಗ ನಡುವೆ ಇರುತ್ತದೆ ಎಂಬ ಭರವಸೆಯೇ ಕುಸಿದುಬೀಳುತ್ತದೆ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಕೊಟ್ಟಿರುವ ಒಂದು ತೊಡಕಿನ ಸಂಖ್ಯೆಯನ್ನು ಎರಡು ಸರಳ ಭಿನ್ನರಾಶಿಗಳ ನಡುವೆ ಸಿಕ್ಕಿಸಿ, ಆ ಇಕ್ಕಳವನ್ನು ಹಂತಹಂತವಾಗಿ ಬಿಗಿಗೊಳಿಸುವುದು ಆ ಕೆಲಸ. ಇದಕ್ಕೆ ನಮ್ಮ ಪಂಚಾಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷ ಅದಕ್ಕಿಂತ ಸುಮಾರು 11 ದಿನ ದೊಡ್ಡದು. ಈ ಅಂತರವನ್ನು ತುಂಬಲು ಆಗಾಗ ಒಂದು ಅಧಿಕ ಮಾಸವನ್ನು ಸೇರಿಸಬೇಕಾಗುತ್ತದೆ. ವರ್ಷಕ್ಕೆ ಸರಾಸರಿ ಎಷ್ಟು ಅಧಿಕ ಮಾಸಗಳು ಬೇಕು? ಸೂರ್ಯಸಿದ್ಧಾಂತದ ಪ್ರಕಾರ 43,20,000 ಸೌರವರ್ಷಗಳ ಒಂದು ಮಹಾಯುಗದಲ್ಲಿ 15,93,336 ಅಧಿಕ ಮಾಸಗಳು ಬರುತ್ತವೆ. ಎರಡನ್ನೂ 24ರಿಂದ ಭಾಗಿಸಿದರೆ 66389/180000 ಎಂಬ ಭಿನ್ನರಾಶಿ ಸಿಗುತ್ತದೆ. ಇದಕ್ಕಿಂತ ಚಿಕ್ಕದು ಮಾಡಲು ಸಾಧ್ಯವಿಲ್ಲ. ದಶಮಾಂಶದಲ್ಲಿ ಇದು ಸುಮಾರು 0.368828. ಒಂದು ಲಕ್ಷದ ಎಂಬತ್ತು ಸಾವಿರ ವರ್ಷಗಳ ಚಕ್ರವನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಆದ್ದರಿಂದ ಇದಕ್ಕೆ ಹತ್ತಿರವಾದ, ಚಿಕ್ಕ ಛೇದದ ಭಿನ್ನರಾಶಿ ನಮಗೆ ಬೇಕು.

ವರ್ಷಕ್ಕೆ ಒಂದೂ ಇಲ್ಲ ಎಂಬುದು 0/1, ಪ್ರತಿ ವರ್ಷವೂ ಒಂದು ಎಂಬುದು 1/1. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಮಧ್ಯಭಿನ್ನ 1/2 ಹೆಚ್ಚಾಯಿತು, ಆದ್ದರಿಂದ 1/1ನ್ನು ಬಿಟ್ಟು ಅದರ ಜಾಗದಲ್ಲಿ 1/2ನ್ನು ಇಡುತ್ತೇವೆ. 0/1 ಮತ್ತು 1/2ರ ಮಧ್ಯಭಿನ್ನ 1/3; ಇದು ಕಡಿಮೆಯಾಯಿತು, ಆದ್ದರಿಂದ ಕೆಳಗಿನ ತುದಿ 1/3 ಆಗುತ್ತದೆ. ಮುಂದಿನದು 2/5, ಅಂದರೆ 0.4, ಹೆಚ್ಚು. ಅದರ ಮುಂದಿನದು 3/8, ಅಂದರೆ 0.375, ಇನ್ನೂ ಹೆಚ್ಚು. 1/3 ಮತ್ತು 3/8ರ ನಡುವೆ 4/11 ಬರುತ್ತದೆ, ಅದು 0.3636, ಕಡಿಮೆ. ಈಗ ಇಕ್ಕಳದ ಎರಡು ತುದಿಗಳು 4/11 ಮತ್ತು 3/8. ಇವುಗಳ ಮಧ್ಯಭಿನ್ನ 7/19, ಅಂದರೆ 0.36842. ಬೇಕಾದ ಸಂಖ್ಯೆಗಿಂತ ಕೂದಲೆಳೆಯಷ್ಟು ಮಾತ್ರ ಕಡಿಮೆ.

ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕ ಮಾಸ ಎಂಬ ಪ್ರಸಿದ್ಧ ಲೆಕ್ಕ ಇದೇ. ಕುತೂಹಲದ ಸಂಗತಿಯೆಂದರೆ ಈ ಮಧ್ಯಭಿನ್ನವನ್ನು ಇತ್ತೀಚಿನ ಪಂಚಾಂಗಗಳಲ್ಲಿಯೇ ಬೆರಳಿಟ್ಟು ತೋರಿಸಬಹುದು. 2007ರಲ್ಲಿ ಅಧಿಕ ಜ್ಯೇಷ್ಠ ಬಂದಿತ್ತು. ಆಮೇಲೆ 2010ರಲ್ಲಿ ವೈಶಾಖ, 2012ರಲ್ಲಿ ಭಾದ್ರಪದ, 2015ರಲ್ಲಿ ಆಷಾಢ, 2018ರಲ್ಲಿ ಮತ್ತೆ ಜ್ಯೇಷ್ಠ ಅಧಿಕವಾದವು. 2007ರಿಂದ 2018ರವರೆಗೆ 11 ವರ್ಷ, 4 ಅಧಿಕ ಮಾಸ. ಅಲ್ಲಿಂದ ಮುಂದೆ 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ, 2026ರಲ್ಲಿ ಪುನಃ ಜ್ಯೇಷ್ಠ. 8 ವರ್ಷ, 3 ಅಧಿಕ ಮಾಸ. ಎರಡು ಕಂತುಗಳನ್ನೂ ಸೇರಿಸಿದರೆ 19 ವರ್ಷ, 7 ಅಧಿಕ ಮಾಸ. ಸ್ಕೂಟರಿನ ಮೈಲೇಜಿನಂತೆಯೇ ಇಲ್ಲಿಯೂ ವರ್ಷಕ್ಕೆ ವರ್ಷ, ಮಾಸಕ್ಕೆ ಮಾಸ ಕೂಡಿದೆ. ಹನ್ನೊಂದು ವರ್ಷಗಳ ಕಂತಿನಲ್ಲಿ ಸರಾಸರಿ ಬೇಕಾದುದಕ್ಕಿಂತ ತುಸು ಕಡಿಮೆ, ಎಂಟು ವರ್ಷಗಳ ಕಂತಿನಲ್ಲಿ ತುಸು ಹೆಚ್ಚು. ಒಂದರ ಕೊರತೆಯನ್ನು ಇನ್ನೊಂದರ ಮಿಗಿತ ತುಂಬುತ್ತದೆ. ಪಂಚಾಂಗದಲ್ಲಿ ಅಧಿಕ ಮಾಸವನ್ನು ನಿರ್ಧರಿಸುವುದು ಈ ಸರಾಸರಿಯಿಂದಲ್ಲ ಎಂಬುದು ನಿಜ. ಯಾವ ಚಾಂದ್ರಮಾಸದೊಳಗೆ ಸೂರ್ಯನ ಸಂಕ್ರಮಣವೇ ಇಲ್ಲವೋ ಅದು ಅಧಿಕವೆನಿಸುತ್ತದೆ. ಸೂರ್ಯಚಂದ್ರರ ಗತಿ ಒಂದೇ ಸಮ ಇಲ್ಲದಿರುವುದರಿಂದ ಬಿಡಿ ಬಿಡಿ ಅಂತರಗಳು ಏರುಪೇರಾಗುತ್ತವೆ. ಆದರೂ ಸರಾಸರಿಯ ಹಿಡಿತ ಎಷ್ಟು ಬಲವಾಗಿದೆಯೆಂದರೆ 2001ರಲ್ಲಿ ಅಧಿಕವಾಗಿದ್ದ ಆಶ್ವಯುಜ 2020ರಲ್ಲಿಯೂ, 2004ರಲ್ಲಿ ಅಧಿಕವಾಗಿದ್ದ ಶ್ರಾವಣ 2023ರಲ್ಲಿಯೂ ಮರಳಿ ಬಂದವು.

ಇಲ್ಲೊಂದು ಸಂದೇಹ ಏಳಬಹುದು. 4/11 ಮತ್ತು 3/8ರ ನಡುವೆ ಲೆಕ್ಕವಿಲ್ಲದಷ್ಟು ಭಿನ್ನರಾಶಿಗಳಿವೆ. ಅವುಗಳಲ್ಲಿ 13, 15 ಅಥವಾ 17 ವರ್ಷಗಳ ಚಕ್ರವೊಂದು ಇರಬಹುದಲ್ಲವೇ, 7/19ನ್ನೇ ಏಕೆ ಹಿಡಿಯಬೇಕು? ಉತ್ತರ ಓರೆ ವ್ಯತ್ಯಾಸದಲ್ಲಿದೆ. ನಾವು ಆರಂಭಿಸಿದ 0/1 ಮತ್ತು 1/1ರ ಓರೆ ವ್ಯತ್ಯಾಸ 1. ಮಧ್ಯಭಿನ್ನ ಇಡುತ್ತಾ ಹೋದಂತೆ ಅದು ಬದಲಾಗುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲೂ ಅದು 1 ಆಗಿಯೇ ಇರುತ್ತದೆ. 3 × 11 − 4 × 8 ಎಂಬುದು 33 − 32, ಅಂದರೆ 1. ಈಗ p/q ಎಂಬುದು 4/11 ಮತ್ತು 3/8ರ ನಡುವಿನ ಯಾವುದೋ ಒಂದು ಭಿನ್ನರಾಶಿ ಎಂದುಕೊಳ್ಳೋಣ. ಅದು 3/8ಕ್ಕಿಂತ ಕಡಿಮೆಯಾದುದರಿಂದ 3q − 8p ಸೊನ್ನೆಗಿಂತ ಹೆಚ್ಚು. ಪೂರ್ಣಾಂಕವಾದುದರಿಂದ ಕನಿಷ್ಠ 1. ಅದು 4/11ಕ್ಕಿಂತ ಹೆಚ್ಚಾದುದರಿಂದ 11p − 4q ಕೂಡ ಕನಿಷ್ಠ 1. ಮೊದಲನೆಯದನ್ನು 11ರಿಂದಲೂ ಎರಡನೆಯದನ್ನು 8ರಿಂದಲೂ ಗುಣಿಸಿ ಕೂಡೋಣ:

11(3q − 8p) + 8(11p − 4q) = 33q − 32q = q

ಎಡಬದಿಯ ಬೆಲೆ 11 + 8ಕ್ಕಿಂತ ಕಡಿಮೆಯಾಗಲಾರದು. ಆದ್ದರಿಂದ q ಕನಿಷ್ಠ 19. ಆ ಇಕ್ಕಳದೊಳಗೆ 19ಕ್ಕಿಂತ ಚಿಕ್ಕ ಛೇದದ ಭಿನ್ನರಾಶಿ ಒಂದೂ ಇಲ್ಲ. 19ನ್ನೇ ಛೇದವಾಗಿ ಉಳ್ಳದ್ದು 7/19 ಒಂದೇ. ಹದಿಮೂರು, ಹದಿನೈದು, ಹದಿನೇಳು ವರ್ಷಗಳ ಚಕ್ರಗಳನ್ನು ಒಂದೊಂದಾಗಿ ಪರೀಕ್ಷಿಸುವ ಶ್ರಮವಿಲ್ಲದೆಯೇ ಅವೆಲ್ಲವನ್ನೂ ತಳ್ಳಿಹಾಕಿದ್ದಾಯಿತು. ಓರೆ ವ್ಯತ್ಯಾಸ 1 ಅಲ್ಲದ ಜೋಡಿಯಿಂದ ಹೊರಟರೆ ಈ ಮಾತು ನಿಲ್ಲುವುದಿಲ್ಲ. 1/3 ಮತ್ತು 3/5ರ ಓರೆ ವ್ಯತ್ಯಾಸ 4. ಅವುಗಳ ಮಧ್ಯಭಿನ್ನ 4/8, ಆದರೆ ನಡುವೆ 1/2 ಎಂಬ ಬಹಳ ಚಿಕ್ಕ ಭಿನ್ನರಾಶಿ ಇದೆ. ಮಧ್ಯಭಿನ್ನವನ್ನು ಇನ್ನೂ ಸಂಕ್ಷೇಪಿಸಲು ಬರುತ್ತದೆಯೆಂದರೆ ಜೋಡಿಯ ಓರೆ ವ್ಯತ್ಯಾಸ 1 ಅಲ್ಲವೆಂದು ಖಚಿತವಾಗಿ ತಿಳಿಯಬಹುದು.

ಮಧ್ಯಭಿನ್ನದ ನಿಯಮವನ್ನು ಫ್ರಾನ್ಸಿನ ನಿಕೊಲಾ ಶುಕೆ 1484ರಲ್ಲಿಯೇ ಬರೆದಿಟ್ಟಿದ್ದನು. ಹೀಗೆ ಮಧ್ಯಭಿನ್ನಗಳನ್ನು ಮರದ ಕೊಂಬೆಗಳಂತೆ ಬೆಳೆಸುವ ಕ್ರಮಕ್ಕೆ ಇಂದು ಸ್ಟರ್ನ್ ಮತ್ತು ಬ್ರೊಕೊ ಎಂಬ ಇಬ್ಬರ ಹೆಸರಿದೆ. 1858ರಲ್ಲಿ ಬರೆದ ಸ್ಟರ್ನ್ ಗಣಿತಜ್ಞ. 1861ರಲ್ಲಿ ಬರೆದ ಬ್ರೊಕೊ ಪ್ಯಾರಿಸ್ಸಿನ ಗಡಿಯಾರ ತಯಾರಕ. ಬ್ರೊಕೊಗೆ ಬೇಕಾಗಿದ್ದುದು ಹಲ್ಲಿನ ಚಕ್ರಗಳ ಲೆಕ್ಕ. ಒಂದು ಚಕ್ರಕ್ಕೆ 1,80,000 ಹಲ್ಲುಗಳನ್ನು ಕೊರೆಯಲಾಗದು. ಆದ್ದರಿಂದ ಕಡಿಮೆ ಹಲ್ಲುಗಳಲ್ಲಿ ಬೇಕಾದ ಅನುಪಾತಕ್ಕೆ ಹತ್ತಿರ ಹೋಗುವ ದಾರಿ ಅವನಿಗೆ ಬೇಕಿತ್ತು. ನಮ್ಮ ಪಂಚಾಂಗದ ಪ್ರಶ್ನೆಯೂ ಅದೇ ಜಾತಿಯದು.

7/19ರಲ್ಲಿ ಉಳಿದ ದೋಷ ಎಷ್ಟು? 66389ನ್ನು 19ರಿಂದ ಗುಣಿಸಿದರೆ 12,61,391. 7ನ್ನು 1,80,000ದಿಂದ ಗುಣಿಸಿದರೆ 12,60,000. ಓರೆ ವ್ಯತ್ಯಾಸ 1391. ಇದರಿಂದ ಲೆಕ್ಕ ಹಾಕಿದರೆ ಹತ್ತೊಂಬತ್ತು ವರ್ಷಗಳ ಚಕ್ರವನ್ನೇ ನೆಚ್ಚಿಕೊಂಡವರು ಸುಮಾರು 2,459 ವರ್ಷಗಳಿಗೆ ಒಂದು ಅಧಿಕ ಮಾಸದಷ್ಟು ಹಿಂದೆ ಬೀಳುತ್ತಾರೆ. ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ 7/19 ಮತ್ತು 3/8ರ ನಡುವೆ ಮುಂದುವರಿಯಬೇಕು. 10/27 ಹೆಚ್ಚು, 17/46 ಹೆಚ್ಚು, 24/65 ಹೆಚ್ಚು, 31/84, 38/103, 45/122 ಎಲ್ಲವೂ ಹೆಚ್ಚು. ಏಳನೆಯದಾದ 52/141 ಮಾತ್ರ ಕಡಿಮೆ. ಕೆಳಗಿನ ತುದಿ ಅಲುಗಾಡದೆ ಕುಳಿತಿದ್ದು, ಮೇಲಿನ ತುದಿ ಮಾತ್ರ ಆಮೆಯಂತೆ ಹತ್ತಿರ ಬರುತ್ತಿದೆ. ಈ ವಿಧಾನದ ದೊಡ್ಡ ಕೊರತೆಯೇ ಇದು. 1/1000 ಎಂಬಷ್ಟು ಸರಳ ಭಿನ್ನರಾಶಿಯನ್ನು ಮುಟ್ಟಬೇಕಾದರೂ 0/1 ಮತ್ತು 1/1ರಿಂದ ಹೊರಟವರು 1/2, 1/3, 1/4 ಎಂದು 999 ಹೆಜ್ಜೆ ಇಡಬೇಕಾಗುತ್ತದೆ.

ಆದರೆ ಎಷ್ಟು ಹೆಜ್ಜೆ ಒಂದೇ ಕಡೆಗೆ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ಒಮ್ಮೆಗೇ ಹಾರಲು ಸಾಧ್ಯವಿದೆ. 3/8 ಮತ್ತು ನಮ್ಮ ಸಂಖ್ಯೆಯ ಓರೆ ವ್ಯತ್ಯಾಸ 5,40,000 − 5,31,112, ಅಂದರೆ 8888, ಅದು ಹೆಚ್ಚಳ. 7/19ರದು 1391, ಅದು ಕೊರತೆ. 3/8ಕ್ಕೆ 7/19ನ್ನು ಅಂಶಕ್ಕೆ ಅಂಶ, ಛೇದಕ್ಕೆ ಛೇದದಂತೆ ಒಮ್ಮೆ ಕೂಡಿದಾಗಲೆಲ್ಲ ಹೆಚ್ಚಳ 1391ರಷ್ಟು ಕರಗುತ್ತದೆ. 8888ರಲ್ಲಿ 1391 ಆರು ಬಾರಿ ಹೋಗುತ್ತದೆ, ಶೇಷ 542. ಆದ್ದರಿಂದ ಆರು ಬಾರಿ ಕೂಡಿದರೆ ಇನ್ನೂ ಮೇಲೆಯೇ ಇರುತ್ತೇವೆ, ಏಳನೆಯ ಬಾರಿಗೆ ಕೆಳಗೆ ಜಾರುತ್ತೇವೆ. 3 + 42 ಮತ್ತು 8 + 114 ಕೂಡಿ ನೇರವಾಗಿ 45/122ಕ್ಕೆ ಬರಬಹುದು. ಅದರ ಓರೆ ವ್ಯತ್ಯಾಸ ಶೇಷವಾಗಿ ಉಳಿದ 542. 122 ವರ್ಷಗಳಲ್ಲಿ 45 ಅಧಿಕ ಮಾಸಗಳ ಈ ಚಕ್ರ ಸುಮಾರು 40,500 ವರ್ಷಗಳಿಗೆ ಒಂದು ಮಾಸದಷ್ಟು ಮಾತ್ರ ತಪ್ಪುತ್ತದೆ. ಮುಂದಿನ ಹಾರಿಕೆಗೆ 1391ನ್ನು 542ರಿಂದ ಭಾಗಿಸಬೇಕು, ಹೀಗೆಯೇ ಶೇಷದಿಂದ ಶೇಷವನ್ನು ಭಾಗಿಸುತ್ತಾ ಹೋಗಬೇಕು. 499ರಲ್ಲಿ ರಚಿತವಾದ ಆರ್ಯಭಟೀಯದಲ್ಲಿ ಬರುವ ಕುಟ್ಟಕ ವಿಧಾನದ ಆರಂಭವೂ ಇಂಥದೇ ಪರಸ್ಪರ ಭಾಗಾಕಾರ.

ಈ ಲೆಕ್ಕದಲ್ಲಿ ಎಲ್ಲವೂ ವರ್ಷ ಎಂದರೆ ಯಾವುದು ಎಂಬುದರ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ಮೇಲೆ ಬಳಸಿದ್ದು ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡ ನಿರಯನ ವರ್ಷ. ಅಥೆನ್ಸಿನ ಮೆಟನ್ ಕ್ರಿಸ್ತಪೂರ್ವ 432ರಲ್ಲಿ ಇದೇ ಹತ್ತೊಂಬತ್ತು ವರ್ಷಗಳ ಚಕ್ರವನ್ನು ಸಾರಿದಾಗ ಅವನ ಮುಂದಿದ್ದುದು ಋತುಗಳನ್ನು ಅನುಸರಿಸುವ ಸಾಯನ ವರ್ಷ. ಅದು ನಿರಯನ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಚಿಕ್ಕದು. ಇಂದಿನ ಮಾಪನದಂತೆ 365.24219 ದಿನಗಳ ಆ ವರ್ಷಕ್ಕೆ 29.53059 ದಿನಗಳ ಚಾಂದ್ರಮಾಸವನ್ನು ಹೊಂದಿಸಿದರೆ ವರ್ಷಕ್ಕೆ ಬೇಕಾಗುವ ಅಧಿಕ ಮಾಸ ಸುಮಾರು 0.36827. ಈ ಸಂಖ್ಯೆ 7/19ಕ್ಕಿಂತ ಕಡಿಮೆ. ಆದ್ದರಿಂದ ನಮ್ಮ ಪಂಚಾಂಗದಲ್ಲಿ ಇಕ್ಕಳದ ಕೆಳತುದಿಯಾದ 7/19 ಮೆಟನ್ನನ ಲೆಕ್ಕದಲ್ಲಿ ಮೇಲ್ತುದಿಯಾಗುತ್ತದೆ, ಮತ್ತು ಅಲ್ಲಿಂದ ಮುಂದಕ್ಕೆ ಅದರ ಜೊತೆಗೂಡಬೇಕಾದದ್ದು 3/8 ಅಲ್ಲ, 4/11.